ಎಲ್ಲರೂ ಸ್ಟಾಪ್ ಇಡುವ ಬೆಲೆ

ಕೊಂಡ ಷೇರಿನ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ತಾನಾಗಿಯೇ ಮಾರಾಟವಾಗಲಿ ಎಂದು ಮೊದಲೇ ಹಾಕಿಡುವ ಆರ್ಡರ್‌ಗೆ ಸ್ಟಾಪ್‌ಲಾಸ್ ಎಂದು ಹೆಸರು. ಅದರ ಜೀವಾಳ ಟ್ರಿಗರ್ ಬೆಲೆ. ಆ ಬೆಲೆಯಲ್ಲಿ ಪೇಟೆಯಲ್ಲಿ ಒಂದು ವಹಿವಾಟು ನಡೆಯುವ ತನಕ ಆರ್ಡರ್ ನಿದ್ದೆಯಲ್ಲಿರುತ್ತದೆ, ನಡೆದ ಕ್ಷಣ ಎಚ್ಚೆತ್ತು ಸಾಮಾನ್ಯ ಮಾರಾಟದ ಆರ್ಡರ್ ಆಗುತ್ತದೆ. ಶಾರ್ಟ್ ಮಾಡಿದವರಿಗೆ, ಅಂದರೆ ಮೊದಲು ಮಾರಿ ಆಮೇಲೆ ಕೊಳ್ಳಬೇಕಾದವರಿಗೆ, ಇದೇ ಏರ್ಪಾಡು ತಲೆಕೆಳಗಾಗಿ ಕೆಲಸ ಮಾಡುತ್ತದೆ: ಬೆಲೆ ಒಂದು ಮಟ್ಟ ದಾಟಿ ಮೇಲೇರಿದರೆ ಸ್ಟಾಪ್ ಅವರ ಪರವಾಗಿ ಕೊಂಡುಬಿಡುತ್ತದೆ. ನಷ್ಟವನ್ನು ಮಿತಿಯಲ್ಲಿಡಲು ಇದಕ್ಕಿಂತ ಸರಳವಾದ ಸಾಧನ ಇಲ್ಲ. ತೊಂದರೆ ಇರುವುದು ಸಾಧನದಲ್ಲಲ್ಲ, ಅದನ್ನು ಇಡುವ ಜಾಗದಲ್ಲಿ.

ಚಾರ್ಟ್ ನೋಡಿ ವಹಿವಾಟು ಮಾಡುವವರೆಲ್ಲರೂ ಕಲಿಯುವ ಮೊದಲ ಪಾಠ ಒಂದೇ. ಇತ್ತೀಚೆಗೆ ಬೆಲೆ ಎಲ್ಲಿಂದ ಪುಟಿದೆದ್ದಿತೋ ಆ ತಳವನ್ನು ಗುರುತಿಸಬೇಕು, ಅದರ ಸ್ವಲ್ಪ ಕೆಳಗೆ ಸ್ಟಾಪ್ ಇಡಬೇಕು. ನಿನ್ನೆಯ ಕನಿಷ್ಠ ಬೆಲೆ, ಕಳೆದ ವಾರದ ಗರಿಷ್ಠ ಬೆಲೆ, ಬೆಳಗಿನ ಮೊದಲ ಹದಿನೈದು ನಿಮಿಷದ ಏರಿಳಿತದ ಎರಡು ಅಂಚುಗಳು, 500 ಅಥವಾ 1000ದಂಥ ದುಂಡು ಸಂಖ್ಯೆಗಳು, ಒಂದೇ ಮಟ್ಟದಲ್ಲಿ ಎರಡು ಮೂರು ಸಲ ತಟ್ಟಿ ಮರಳಿದ ತಳಗಳು, ಇವೆಲ್ಲ ಯಾರ ಕಣ್ಣಿಗಾದರೂ ಬೀಳುತ್ತವೆ. ಒಂದೇ ಚಾರ್ಟನ್ನು ಸಾವಿರಾರು ಜನ ನೋಡುತ್ತಾರೆ, ಒಂದೇ ಪಾಠ ಕಲಿತಿರುತ್ತಾರೆ, ಆದ್ದರಿಂದ ಒಂದೇ ಜಾಗದಲ್ಲಿ ಸ್ಟಾಪ್ ಇಡುತ್ತಾರೆ. ಹೀಗೆ ಕಣ್ಣಿಗೆ ಕಾಣುವ ತಳದ ಕೆಳಗೆ, ಕಣ್ಣಿಗೆ ಕಾಣದ ಮಾರಾಟದ ಆರ್ಡರ್‌ಗಳ ರಾಶಿ ಬೆಳೆಯುತ್ತದೆ. ತಳ ಮುರಿದರೆ ಶಾರ್ಟ್ ಮಾಡೋಣ ಎಂದು ಕಾದಿರುವವರ ಮಾರಾಟದ ಆರ್ಡರ್‌ಗಳೂ ಅಲ್ಲಿಯೇ ಸೇರಿಕೊಳ್ಳುತ್ತವೆ. ಶಿಖರದ ಮೇಲೆ ಇದೇ ಕಥೆ, ಆದರೆ ಅಲ್ಲಿ ಸೇರುವುದು ಖರೀದಿಯ ಆರ್ಡರ್‌ಗಳು.

ಬೆಲೆ ಆ ತಳವನ್ನು ಸ್ವಲ್ಪವೇ ದಾಟಿ, ರಾಶಿಯನ್ನೆಲ್ಲ ಗುಡಿಸಿ, ಬಂದ ದಾರಿಯಲ್ಲೇ ಹಿಂದಿರುಗುವುದಕ್ಕೆ ಟ್ರೇಡರ್‌ಗಳು ಲಿಕ್ವಿಡಿಟಿ ಸ್ವೀಪ್ ಎನ್ನುತ್ತಾರೆ. ಯಾರೋ ಬೇಕೆಂದೇ ಬೆಲೆಯನ್ನು ಅಲ್ಲಿಗೆ ಎಳೆದರು ಎಂಬ ಅನುಮಾನವಿದ್ದರೆ ಅದೇ ಘಟನೆಯನ್ನು ಸ್ಟಾಪ್ ಹಂಟ್ ಎಂದು ಕರೆಯುತ್ತಾರೆ. ‘ಎಸ್‌ಎಲ್ ಹೊಡೆದು ವಾಪಸ್ ಮೇಲೆ ಹೋಯ್ತು’ ಎಂಬ ಗೋಳು ಟ್ರೇಡರ್‌ಗಳ ನಡುವೆ ದಿನವೂ ಕೇಳಿಬರುತ್ತದೆ. ಆ ಗೋಳಿನ ಹಿಂದಿರುವ ಯಂತ್ರವನ್ನು ಬಿಚ್ಚಿ ನೋಡಿದರೆ ಅದರಲ್ಲಿ ಪಿತೂರಿಗಿಂತ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ.

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಒಂದು ಷೇರು ಎರಡು ವಾರದಲ್ಲಿ ಎರಡು ಸಲ 500 ರೂಪಾಯಿಯ ಹತ್ತಿರಕ್ಕೆ ಇಳಿದು ಮೇಲೆದ್ದಿದೆ. ಒಮ್ಮೆ 500.40ರಿಂದ, ಇನ್ನೊಮ್ಮೆ 500.10ರಿಂದ. ಈಗ ಬೆಲೆ ನಿಧಾನವಾಗಿ 502ಕ್ಕೆ ಬಂದಿದೆ. 499.95ರಿಂದ 499ರವರೆಗೆ ಒಟ್ಟು 80,000 ಷೇರುಗಳ ಸ್ಟಾಪ್ ಆರ್ಡರ್‌ಗಳು ಮಲಗಿವೆ. ಇತ್ತ ಒಂದು ಫಂಡ್‌ಗೆ ಇದೇ ಷೇರು ಒಂದು ಲಕ್ಷದಷ್ಟು ಬೇಕಾಗಿದೆ. 502ರಲ್ಲಿ ಕೊಳ್ಳಲು ಹೊರಟರೆ ಮಾರುವವರು ಪ್ರತಿ ಹಂತದಲ್ಲೂ ಒಂದೆರಡು ಸಾವಿರ ಷೇರನ್ನಷ್ಟೇ ಇಟ್ಟಿದ್ದಾರೆ. ಅಷ್ಟನ್ನೂ ಅಲ್ಲಿ ಹೆಕ್ಕುವ ಹೊತ್ತಿಗೆ ಅದರ ಖರೀದಿಯೇ ಬೆಲೆಯನ್ನು ಹಲವು ರೂಪಾಯಿ ಮೇಲಕ್ಕೆ ತಳ್ಳಿರುತ್ತದೆ. ದೊಡ್ಡ ಖರೀದಿದಾರನ ನಿಜವಾದ ಕಷ್ಟ ಇದು: ಹಣವಿದೆ, ಆದರೆ ಎದುರಿಗೆ ಅಷ್ಟು ಮಾರುವವರಿಲ್ಲ. ಅಷ್ಟು ಮಂದಿ ಒಟ್ಟಿಗೆ, ಬೆಲೆ ನೋಡದೆ ಮಾರುವ ಜಾಗ ಯಾವುದು ಎಂದು ಯೋಚಿಸಿದರೆ ಉತ್ತರ 500ರ ಕೆಳಗೆ ಸಿಗುತ್ತದೆ. ಆದ್ದರಿಂದ ಅದು ತನ್ನ ಖರೀದಿ ಆರ್ಡರ್‌ಗಳನ್ನು 498ರಿಂದ 496ರ ನಡುವೆ ಹರಡಿ ಕಾಯುತ್ತದೆ.

500ರಲ್ಲಿ ಕೊಳ್ಳಲು ನಿಂತಿದ್ದ 15,000 ಷೇರುಗಳ ಬೇಡಿಕೆ ಮಧ್ಯಾಹ್ನದ ಮಾರಾಟದಲ್ಲಿ ಕರಗುತ್ತದೆ. ಮುಂದಿನ ಒಂದು ಸಣ್ಣ ಮಾರಾಟ 499.90ರಲ್ಲಿ ಕುದುರುತ್ತದೆ. ಮೊದಲ ಕಂತಿನ ಸ್ಟಾಪ್‌ಗಳು ಎಚ್ಚೆತ್ತು ಮಾರಾಟಕ್ಕೆ ಬೀಳುತ್ತವೆ. ಅವು ಬೆಲೆಯನ್ನು 499.50ಕ್ಕೆ ಇಳಿಸಿ ಎರಡನೆಯ ಕಂತನ್ನು ಎಬ್ಬಿಸುತ್ತವೆ, ಎರಡನೆಯದು ಮೂರನೆಯದನ್ನು. 500ರಿಂದ 498ರ ನಡುವೆ ಕೊಳ್ಳುವವರು ಇದ್ದದ್ದು 12,000 ಷೇರುಗಳಿಗೆ ಮಾತ್ರ. ಉಳಿದ 68,000 ಷೇರುಗಳು ಕೆಳಗೆ ಕಾದಿದ್ದ ಫಂಡ್‌ನ ಮಡಿಲಿಗೆ ಬೀಳುತ್ತವೆ, ಬೆಲೆ 496.50 ಮುಟ್ಟುತ್ತದೆ. ಅಷ್ಟಕ್ಕೆ ಸ್ಟಾಪ್‌ಗಳು ಮುಗಿದವು. ಬಲವಂತಕ್ಕೆ ಮಾರಬೇಕಾದವರು ಇನ್ನು ಯಾರೂ ಇಲ್ಲ. ಮಾರುವ ಒತ್ತಡ ಥಟ್ಟನೆ ನಿಂತದ್ದರಿಂದ, ಫಂಡ್ ತನ್ನ ಉಳಿದ ಪಾಲನ್ನು ಕೊಳ್ಳುವ ಭರದಲ್ಲೇ ಬೆಲೆ 501ಕ್ಕೆ ಮರಳುತ್ತದೆ. ತಳ ಮುರಿಯಿತೆಂದು ಶಾರ್ಟ್ ಮಾಡಿದವರು ಗಾಬರಿಯಿಂದ ಕೊಂಡು ಹೊರಬರುವುದು ಈ ಏರಿಕೆಗೆ ಇನ್ನಷ್ಟು ಬಲ ಕೊಡುತ್ತದೆ. ಚಾರ್ಟ್‌ನಲ್ಲಿ ಉಳಿಯುವುದು ಕೆಳಗೆ ಉದ್ದ ಬಾಲವಿರುವ ಒಂದು ಕ್ಯಾಂಡಲ್ ಅಷ್ಟೇ.

ಈ ಕಥೆಯಲ್ಲಿ ಫಂಡ್ ಯಾರ ಸ್ಟಾಪನ್ನೂ ಕಣ್ಣಾರೆ ನೋಡಿಲ್ಲ. ಭಾರತದ ಷೇರು ವಿನಿಮಯ ಕೇಂದ್ರಗಳಲ್ಲಿ ಸ್ಟಾಪ್ ಆರ್ಡರ್‌ಗಳು ಬೇರೆಯೇ ಪುಸ್ತಕದಲ್ಲಿರುತ್ತವೆ. ಪರದೆಯ ಮೇಲೆ ಕಾಣುವ ಮಾರ್ಕೆಟ್ ಡೆಪ್ತ್‌ಗೆ ಅವು ಬರುವುದು ಟ್ರಿಗರ್ ಆದ ಮೇಲೆಯೇ. 200 ಷೇರಿನ ಸಣ್ಣ ಹೂಡಿಕೆದಾರನ ಸ್ಟಾಪನ್ನು ಹೊಡೆಯಲು ಯಾರೂ ಹೊಂಚು ಹಾಕಿ ಕೂತಿರುವುದಿಲ್ಲ. ಆದರೆ ಅಂಥ ಸಾವಿರಾರು ಸ್ಟಾಪ್‌ಗಳು ಎಲ್ಲಿವೆ ಎಂದು ಊಹಿಸಲು ನೋಡಬೇಕಾದ್ದೂ ಇಲ್ಲ, ಚಾರ್ಟೇ ಹೇಳುತ್ತದೆ.

ಈ ಊಹೆಗೆ ದಾಖಲೆಯ ಬೆಂಬಲವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್ ಅವರು ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕ್‌ನಲ್ಲಿದ್ದಾಗ, 1999-2000ದ ಅವಧಿಯಲ್ಲಿ ದೊಡ್ಡ ಬ್ಯಾಂಕೊಂದಕ್ಕೆ ಗ್ರಾಹಕರು ಕೊಟ್ಟಿದ್ದ ಒಂಬತ್ತು ಸಾವಿರಕ್ಕೂ ಹೆಚ್ಚು ವಿದೇಶಿ ವಿನಿಮಯದ ಆರ್ಡರ್‌ಗಳನ್ನು ಪರಿಶೀಲಿಸಿದರು. ಲಾಭ ಕಟ್ಟಿಕೊಳ್ಳುವ ಆರ್ಡರ್‌ಗಳು ದುಂಡು ಸಂಖ್ಯೆಗಳ ಮೇಲೆಯೇ ಗುಂಪುಗೂಡಿದ್ದವು. ಸ್ಟಾಪ್‌ಲಾಸ್‌ಗಳು ಅವುಗಳ ಆಚೆ ಬದಿಯಲ್ಲಿದ್ದವು: ಮಾರಾಟದ ಸ್ಟಾಪ್‌ಗಳು ದುಂಡು ಸಂಖ್ಯೆಯ ಸ್ವಲ್ಪ ಕೆಳಗೆ, ಖರೀದಿಯ ಸ್ಟಾಪ್‌ಗಳು ಸ್ವಲ್ಪ ಮೇಲೆ. ಬೆಲೆ ದುಂಡು ಸಂಖ್ಯೆಯ ಹತ್ತಿರ ಬಂದು ಹಿಂದಿರುಗುವುದೂ, ಅದನ್ನು ದಾಟಿದರೆ ಸಟ್ಟನೆ ಓಡುವುದೂ ಈ ಎರಡು ಗುಂಪುಗಳಿಂದ ಅರ್ಥವಾಗುತ್ತದೆ. ಸ್ಟಾಪ್‌ಗಳಿರುವ ಜಾಗ ತಲುಪಿದ ವಿನಿಮಯ ದರ ಉಳಿದ ಕಡೆಗಿಂತ ವೇಗವಾಗಿ ಚಲಿಸುತ್ತದೆ ಎಂಬುದನ್ನೂ ಅವರು ತೋರಿಸಿದರು. ಆ ಓಟ ಯಾವಾಗಲೂ ಹಿಂದಿರುಗಲೇಬೇಕೆಂದಿಲ್ಲ. ಒಂದು ಸ್ಟಾಪ್ ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ ಅದು ದೊಡ್ಡ ಚಲನೆಯೇ ಆಗಿಬಿಡಬಹುದು.

ಬೇಕೆಂದೇ ಸ್ಟಾಪ್ ಹೊಡೆಸುವುದೂ ಇಲ್ಲದಿಲ್ಲ. ವಿದೇಶಿ ವಿನಿಮಯದಲ್ಲಿ ಒಂದೇ ಕೇಂದ್ರೀಯ ವಿನಿಮಯ ಸಂಸ್ಥೆ ಇಲ್ಲ. ಗ್ರಾಹಕ ತನ್ನ ಸ್ಟಾಪನ್ನು ಬ್ಯಾಂಕಿನ ಕೈಗೇ ಕೊಡುತ್ತಾನೆ, ಬ್ಯಾಂಕಿನ ಡೀಲರ್ ಅದನ್ನು ನೋಡಬಲ್ಲ. ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ 2014ರ ನವೆಂಬರ್‌ನಲ್ಲಿ ಸಿಟಿಬ್ಯಾಂಕ್, ಎಚ್‌ಎಸ್‌ಬಿಸಿ, ಜೆಪಿ ಮಾರ್ಗನ್, ಆರ್‌ಬಿಎಸ್ ಮತ್ತು ಯುಬಿಎಸ್‌ಗಳಿಗೆ ಒಟ್ಟು 110 ಕೋಟಿ ಪೌಂಡ್‌ಗೂ ಹೆಚ್ಚು ದಂಡ ವಿಧಿಸಿತು. ಗ್ರಾಹಕರ ಆರ್ಡರ್‌ಗಳ ಮಾಹಿತಿಯನ್ನು ಬ್ಯಾಂಕುಗಳ ಟ್ರೇಡರ್‌ಗಳು ಪರಸ್ಪರ ಹಂಚಿಕೊಂಡದ್ದು, ಗ್ರಾಹಕರ ಸ್ಟಾಪ್‌ಗಳನ್ನು ಟ್ರಿಗರ್ ಮಾಡಿಸಲು ಯತ್ನಿಸಿದ್ದು ಆ ಪ್ರಕರಣದ ಆರೋಪಗಳಲ್ಲಿ ಸೇರಿದ್ದವು. ಆದ್ದರಿಂದ ಎರಡು ಸಂದರ್ಭಗಳನ್ನು ಬೇರೆ ಮಾಡಿ ನೋಡುವುದು ಅಗತ್ಯ. ಆರ್ಡರ್ ಕಾಣುವವನೇ ಎದುರಾಳಿಯಾಗಿದ್ದರೆ ಅಲ್ಲಿ ಹಿತಾಸಕ್ತಿಯ ಸಂಘರ್ಷ ನೇರವಾಗಿಯೇ ಇದೆ. ವಿನಿಮಯ ಕೇಂದ್ರದ ಷೇರು ವಹಿವಾಟಿನಲ್ಲಿ ಹೆಚ್ಚಿನ ಸ್ವೀಪ್‌ಗಳಿಗೆ ಅಪರಾಧಿ ಬೇಕಾಗಿಲ್ಲ, ಒಂದೇ ಜಾಗದಲ್ಲಿ ಕೂಡಿಬಿದ್ದ ಆರ್ಡರ್‌ಗಳೇ ಸಾಕು.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ಮರುಪರಿಶೀಲಿಸಬೇಕಾಗುತ್ತದೆ. ಒಂದು ಮಟ್ಟವನ್ನು ಬೆಲೆ ಎಷ್ಟು ಹೆಚ್ಚು ಸಲ ತಟ್ಟಿ ಮರಳಿದೆಯೋ ಆ ಮಟ್ಟ ಅಷ್ಟು ಗಟ್ಟಿ ಎಂದು ಪುಸ್ತಕಗಳು ಹೇಳುತ್ತವೆ. ಪ್ರತಿ ಸಲ ತಟ್ಟಿದಾಗಲೂ ಅಲ್ಲಿ ಕೊಳ್ಳಲು ನಿಂತಿದ್ದವರಲ್ಲಿ ಒಂದಷ್ಟು ಮಂದಿಯ ಬೇಡಿಕೆ ತೀರುತ್ತದೆ. ಅದೇ ವೇಳೆ ಹೊಸದಾಗಿ ಕೊಂಡವರ ಸ್ಟಾಪ್‌ಗಳು ಕೆಳಗೆ ಸೇರುತ್ತವೆ. ಮೇಲಿನ ರಕ್ಷಣೆ ತೆಳುವಾಗುತ್ತಾ ಕೆಳಗಿನ ರಾಶಿ ದಪ್ಪವಾಗುತ್ತದೆ. ಮೂರು ಸಲ ಒಂದೇ ರೂಪಾಯಿಯೊಳಗೆ ಮರಳಿದ ಸಮತಟ್ಟಾದ ತಳ ನೋಡಲು ಎಷ್ಟು ಭದ್ರವೋ ಸ್ಟಾಪ್ ಇಡಲು ಅಷ್ಟೇ ಅಪಾಯದ ಜಾಗ.

ಸ್ವೀಪನ್ನೇ ವಹಿವಾಟಿನ ಅವಕಾಶ ಮಾಡಿಕೊಂಡವರೂ ಇದ್ದಾರೆ. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಡೆನಿಸ್ ತರಬೇತಿ ಕೊಟ್ಟ ‘ಟರ್ಟಲ್’ ಗುಂಪಿನ ಟ್ರೇಡರ್‌ಗಳು 20 ದಿನಗಳ ಗರಿಷ್ಠ ಬೆಲೆ ದಾಟಿದರೆ ಕೊಳ್ಳುವ, ಕನಿಷ್ಠ ಬೆಲೆ ಮುರಿದರೆ ಮಾರುವ ನಿಯಮ ಪಾಲಿಸುತ್ತಿದ್ದರು. ಅಂಥ ದಾಟುವಿಕೆಗಳಲ್ಲಿ ಬಹಳಷ್ಟು ಹುಸಿ ಎಂಬುದನ್ನು ಗಮನಿಸಿದ ಲಿಂಡಾ ರಾಶ್ಕೆ ಮತ್ತು ಲಾರೆನ್ಸ್ ಕಾನರ್ಸ್, ‘ಸ್ಟ್ರೀಟ್ ಸ್ಮಾರ್ಟ್ಸ್’ ಎಂಬ ಪುಸ್ತಕದಲ್ಲಿ ‘ಟರ್ಟಲ್ ಸೂಪ್’ ಎಂಬ ವಿರುದ್ಧ ತಂತ್ರ ಕೊಟ್ಟರು. 20 ದಿನಗಳ ಹೊಸ ತಳ ಆಗಬೇಕು, ಹಿಂದಿನ ತಳ ಕನಿಷ್ಠ ನಾಲ್ಕು ದಿನ ಹಳೆಯದಾಗಿರಬೇಕು, ಬೆಲೆ ಮತ್ತೆ ಆ ಹಳೆಯ ತಳದ ಮೇಲಕ್ಕೆ ಬಂದರೆ ಕೊಳ್ಳಬೇಕು. ನಾಲ್ಕು ದಿನದ ಷರತ್ತು ಅರ್ಥಪೂರ್ಣ. ತಳ ಎಲ್ಲರ ಗಮನಕ್ಕೆ ಬಂದು ಅದರ ಕೆಳಗೆ ಆರ್ಡರ್‌ಗಳು ಸೇರಲು ಒಂದಿಷ್ಟು ಕಾಲ ಬೇಕು.

ಹಾಗಾದರೆ ಸ್ಟಾಪ್ ಎಲ್ಲಿರಬೇಕು? ಉತ್ತರ ಹುಡುಕಲು ಬೆಲೆಯ ಸಹಜ ಏರಿಳಿತವನ್ನು ಅಳೆಯಬೇಕು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಅಳತೆ ಎಟಿಆರ್. ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಈ ಅಳತೆ, ರಾತ್ರೋರಾತ್ರಿ ಆಗುವ ಗ್ಯಾಪ್‌ಗಳನ್ನೂ ಲೆಕ್ಕಕ್ಕೆ ಹಿಡಿದು ಷೇರೊಂದು ದಿನಕ್ಕೆ ಸರಾಸರಿ ಎಷ್ಟು ರೂಪಾಯಿ ಓಲಾಡುತ್ತದೆ ಎಂದು ಹೇಳುತ್ತದೆ. ಸಾಮಾನ್ಯವಾಗಿ 14 ದಿನಗಳ ಸರಾಸರಿ ಬಳಸುತ್ತಾರೆ, ಚಾರ್ಟ್ ತೋರಿಸುವ ಎಲ್ಲ ತಂತ್ರಾಂಶಗಳಲ್ಲೂ ಅದು ಸಿಗುತ್ತದೆ. ದಿನಕ್ಕೆ 12 ರೂಪಾಯಿ ಓಲಾಡುವ ಷೇರಿನಲ್ಲಿ ತಳದ 20 ಪೈಸೆ ಕೆಳಗೆ ಸ್ಟಾಪ್ ಇಟ್ಟರೆ ಆ ಅಂತರಕ್ಕೆ ಅರ್ಥವೇ ಇಲ್ಲ. ಷೇರು ಏನೂ ವಿಶೇಷ ಮಾಡದೆ, ತನ್ನ ದಿನನಿತ್ಯದ ಓಲಾಟದಲ್ಲೇ ಅದನ್ನು ದಾಟಿಬಿಡುತ್ತದೆ.

ಮೇಲಿನ ಷೇರಿಗೇ ಮರಳಿ, ಇಬ್ಬರು ಅದನ್ನು 518ಕ್ಕೆ ಕೊಂಡಿದ್ದಾರೆಂದು ಇಟ್ಟುಕೊಳ್ಳಬಹುದು. ಒಂದು ವಹಿವಾಟಿನಲ್ಲಿ 5,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ಇಬ್ಬರ ನಿಯಮವೂ ಹೌದು. ಮೊದಲನೆಯವರ ಸ್ಟಾಪ್ 499.90ರಲ್ಲಿದೆ. ಷೇರಿಗೆ 18.10 ರೂಪಾಯಿ ಅಪಾಯ, ಆದ್ದರಿಂದ 276 ಷೇರು. ಎರಡನೆಯವರು 500.10ರ ತಳದಿಂದ ಎಟಿಆರ್‌ನ ಅರ್ಧದಷ್ಟು, ಅಂದರೆ 6 ರೂಪಾಯಿ ಕೆಳಗಿಳಿದು, ಸುಮಾರು 494ರಲ್ಲಿ ಸ್ಟಾಪ್ ಇಟ್ಟರು. ಷೇರಿಗೆ 24 ರೂಪಾಯಿ ಅಪಾಯ, ಆದ್ದರಿಂದ 208 ಷೇರು. ಸ್ಟಾಪ್ ದೂರ ಹೋಯಿತು, ಆದರೆ ಷೇರುಗಳ ಸಂಖ್ಯೆ ಇಳಿದದ್ದರಿಂದ ಒಟ್ಟು ಅಪಾಯ ಅಷ್ಟೇ ಉಳಿಯಿತು. ಸ್ಟಾಪನ್ನು ಹಿಂದಕ್ಕೆ ಸರಿಸಿ ಸಂಖ್ಯೆಯನ್ನು ಹಾಗೇ ಬಿಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಆಗ ಸ್ವೀಪ್‌ನಿಂದ ತಪ್ಪಿಸಿಕೊಂಡರೂ ನಿಜವಾದ ಕುಸಿತದಲ್ಲಿ ಪೆಟ್ಟು ದೊಡ್ಡದಾಗುತ್ತದೆ.

496.50ರವರೆಗೆ ಇಳಿದು ಮರಳಿದ ದಿನ ಎರಡನೆಯವರ ಸ್ಟಾಪ್ ಉಳಿಯಿತು. ಮೊದಲನೆಯವರದು ಹೊಡೆಯಿತು, ಅದೂ ಹೇಳಿದ ಬೆಲೆಗಲ್ಲ. 80,000 ಷೇರುಗಳು ಒಟ್ಟಿಗೆ ಬಾಗಿಲಿಗೆ ನುಗ್ಗಿದ್ದರಿಂದ ಅವರಿಗೆ ಸಿಕ್ಕಿದ್ದು 498. ನಷ್ಟ 5,000 ಅಲ್ಲ, 5,520. ಎದ್ದುಕಾಣುವ ಬೆಲೆಯಲ್ಲಿ ಸ್ಟಾಪ್ ಇಡಬಾರದೆನ್ನಲು ಇದು ಇನ್ನೊಂದು ಕಾರಣ, ಮತ್ತು ಇದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಸ್ಟಾಪ್ ಹೊಡೆಯುವ ಸಾಧ್ಯತೆ ಹೆಚ್ಚು ಎಂಬುದು ಒಂದಾದರೆ, ಹೊಡೆದಾಗ ಸಿಗುವ ಬೆಲೆ ಕೆಟ್ಟದ್ದು ಎಂಬುದು ಮತ್ತೊಂದು.

ಅರ್ಧ ಎಟಿಆರ್ ಎಂಬುದು ಮಂತ್ರವಲ್ಲ. ಇಳಿತ 493ರವರೆಗೆ ಹೋಗಿದ್ದರೆ ಎರಡನೆಯವರ ಸ್ಟಾಪೂ ಹೋಗುತ್ತಿತ್ತು. ಎಲ್ಲರೂ ಅರ್ಧ ಎಟಿಆರ್ ದೂರದಲ್ಲಿ ಇಡತೊಡಗಿದರೆ ರಾಶಿ ಅಲ್ಲಿಗೆ ಸ್ಥಳಾಂತರವಾಗುತ್ತದೆ ಅಷ್ಟೇ. ಸರಿಯಾದ ಅಂತರ ಷೇರಿನಿಂದ ಷೇರಿಗೆ ಬೇರೆ. ಆ ಷೇರಿನ ಹಳೆಯ ಚಾರ್ಟ್‌ನಲ್ಲಿ ಹಿಂದಿನ ತಳಗಳನ್ನು ಬೆಲೆ ಎಷ್ಟು ದಾಟಿ ಮರಳಿದೆ ಎಂದು ಒಂದೊಂದಾಗಿ ಅಳೆದು ನೋಡಿದರೆ ಉಪಯುಕ್ತ ಅಂದಾಜು ಸಿಗುತ್ತದೆ. ಹಾಗೆ ಅಳೆದ ಅಂತರ ಕೊಟ್ಟಾಗ ಗುರಿ ಬೆಲೆಯಲ್ಲಿ ಸಿಗುವ ಲಾಭ ಅಪಾಯಕ್ಕೆ ತಕ್ಕಷ್ಟು ಇಲ್ಲವೆಂದು ಕಂಡರೆ, ಆ ವಹಿವಾಟನ್ನೇ ಬಿಡುವುದು ಲೇಸು. ಲೆಕ್ಕ ಕೂಡಿಬರಲಿ ಎಂದು ಸ್ಟಾಪನ್ನು ಮತ್ತೆ ತಳದ ಅಂಚಿಗೆ ತಂದರೆ ಅಳೆದದ್ದೆಲ್ಲ ವ್ಯರ್ಥ.

ಕಾಯುವುದು ಇನ್ನೊಂದು ದಾರಿ. ಸ್ವೀಪ್ ನಡೆದ ದಿನ ಬೆಲೆ 504ರಲ್ಲಿ ಮುಗಿಯಿತು ಎಂದುಕೊಂಡರೆ, ಆಗ ಕೊಳ್ಳುವವರಿಗೆ 496.50 ಎಂಬ ಹೊಸ ತಳ ಸಿಕ್ಕಿದೆ. ಅದರಿಂದಲೂ 3 ರೂಪಾಯಿ ಕೆಳಗೆ, 493.50ರಲ್ಲಿ ಸ್ಟಾಪ್ ಇಟ್ಟರೆ ಷೇರಿಗೆ 10.50 ರೂಪಾಯಿ ಅಪಾಯ. ಅದೇ 5,000 ರೂಪಾಯಿಗೆ 476 ಷೇರು ಕೊಳ್ಳಬಹುದು. ಬಲವಂತದ ಮಾರಾಟಗಾರರು ಆಗಲೇ ಹೊರಹೋಗಿರುವುದರಿಂದ ಜಾಗವೂ ಹೆಚ್ಚು ಅನುಕೂಲಕರ. ಇದಕ್ಕೂ ಬೆಲೆ ತೆರಬೇಕಾಗುತ್ತದೆ: ಎಷ್ಟೋ ಸಲ ಸ್ವೀಪ್ ಬರುವುದೇ ಇಲ್ಲ, ಷೇರು 518ರಿಂದಲೇ ಮೇಲೆ ಹೋಗಿ ಕಾದವರು ಬರಿಗೈಯಲ್ಲಿ ಉಳಿಯುತ್ತಾರೆ.

ತಳ ಮುರಿದ ಹೊತ್ತಿನಲ್ಲಿ ಅದು ಸ್ವೀಪೋ ನಿಜವಾದ ಕುಸಿತವೋ ಎಂದು ಖಚಿತವಾಗಿ ಹೇಳುವ ಗುರುತು ಇಲ್ಲ. ಎರಡರಲ್ಲೂ ವಹಿವಾಟಿನ ಪ್ರಮಾಣ ಒಮ್ಮೆಲೇ ಏರುತ್ತದೆ, ಆದ್ದರಿಂದ ವಾಲ್ಯೂಮ್ ಒಂದನ್ನೇ ನಂಬಿದರೆ ಮೋಸ ಹೋಗಬೇಕಾಗುತ್ತದೆ. ವ್ಯತ್ಯಾಸ ತಿಳಿಯುವುದು ಆನಂತರದ ನಡೆಯಲ್ಲಿ. ಸ್ವೀಪ್ ಆಗಿದ್ದರೆ ಬೆಲೆ ಬೇಗ, ಹೆಚ್ಚಾಗಿ ಅದೇ ಕ್ಯಾಂಡಲ್ ಅಥವಾ ಮುಂದಿನ ಒಂದೆರಡು ಕ್ಯಾಂಡಲ್‌ಗಳಲ್ಲಿ, ಹಳೆಯ ತಳದ ಮೇಲೆ ಬಂದು ಅಲ್ಲಿ ಮುಗಿಯುತ್ತದೆ. ನಿಜವಾದ ಕುಸಿತದಲ್ಲಿ ಬೆಲೆ ಕೆಳಗೆಯೇ ನೆಲೆಯೂರುತ್ತದೆ, ಮೇಲಕ್ಕೆ ಬರಲು ಯತ್ನಿಸಿದರೂ ಹಳೆಯ ತಳವೇ ತಲೆಗೆ ತಗಲುವ ಚಾವಣಿಯಾಗುತ್ತದೆ. ತ್ರೈಮಾಸಿಕ ಫಲಿತಾಂಶ, ರಿಸರ್ವ್ ಬ್ಯಾಂಕಿನ ಪ್ರಕಟಣೆಯಂಥ ಗಟ್ಟಿ ಸುದ್ದಿ ಬೆನ್ನಿಗಿದ್ದರೆ ಅದನ್ನು ಸ್ವೀಪ್ ಎಂದು ಭಾವಿಸುವುದು ದುಡುಕು.

ಸ್ಟಾಪ್‌ಗೆ ಜಾಗ ಕೊಡಬೇಕೆಂಬ ಮಾತನ್ನು ಸ್ಟಾಪೇ ಬೇಡ ಎಂದು ಓದಿಕೊಂಡವರಿಗೆ ಸ್ವಿಸ್ ಫ್ರಾಂಕ್‌ನ ಪ್ರಸಂಗ ಉತ್ತರ ಹೇಳುತ್ತದೆ. ಒಂದು ಯೂರೋಗೆ 1.20 ಫ್ರಾಂಕ್‌ಗಿಂತ ಕೆಳಗೆ ದರ ಇಳಿಯಗೊಡುವುದಿಲ್ಲ ಎಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಪಟ್ಟು ಹಿಡಿದಿತ್ತು. ಅದಕ್ಕಿಂತ ಎದ್ದುಕಾಣುವ ತಳ ಇನ್ನೊಂದಿರಲಿಲ್ಲ. 2015ರ ಜನವರಿ 15ರಂದು ಬ್ಯಾಂಕ್ ಯಾವ ಮುನ್ಸೂಚನೆಯೂ ಇಲ್ಲದೆ ಆ ಪಟ್ಟು ಸಡಿಲಿಸಿತು. ಕೆಳಗಿದ್ದ ಸ್ಟಾಪ್‌ಗಳು ಒಟ್ಟಿಗೆ ಎದ್ದವು, ಕೊಳ್ಳುವವರೇ ಇರಲಿಲ್ಲ, ಕೆಲವೇ ನಿಮಿಷಗಳಲ್ಲಿ ದರ 1.00ಕ್ಕಿಂತಲೂ ಕೆಳಗೆ ಹೋಯಿತು. 1.20ರ ಹತ್ತಿರ ಇಟ್ಟ ಸ್ಟಾಪ್‌ಗಳಲ್ಲಿ ಅನೇಕವು ಬಹಳ ದೂರದ ಬೆಲೆಗಳಲ್ಲಿ ಮುಗಿದವು. ಅಲ್ಪಾರಿ ಸಂಸ್ಥೆಯ ಬ್ರಿಟನ್ ಘಟಕ ದಿವಾಳಿಯಾಯಿತು. ಎಫ್‌ಎಕ್ಸ್‌ಸಿಎಂ 30 ಕೋಟಿ ಡಾಲರ್ ಸಾಲ ಎತ್ತಿ ಉಳಿದುಕೊಂಡಿತು. ಆ ದಿನ ಅರ್ಧ ಎಟಿಆರ್ ಜಾಗ ಯಾರನ್ನೂ ಕಾಪಾಡುತ್ತಿರಲಿಲ್ಲ, ಪೆಟ್ಟಿನ ಗಾತ್ರ ನಿರ್ಧರಿಸಿದ್ದು ಕೈಯಲ್ಲಿದ್ದ ವಹಿವಾಟಿನ ಗಾತ್ರ.

ದಿನದ ಮುಕ್ತಾಯದ ಬೆಲೆ ತಳದ ಕೆಳಗಿದ್ದರೆ ಮಾತ್ರ ಹೊರಬರುವುದು ಎಂಬ ನಿಯಮ ಪಾಲಿಸುವವರೂ ಇದ್ದಾರೆ. ನಡುದಿನದ ಸ್ವೀಪ್‌ಗಳಿಂದ ಅದು ಚೆನ್ನಾಗಿ ಕಾಪಾಡುತ್ತದೆ. ಆದರೆ ಮುಕ್ತಾಯದ ಹೊತ್ತಿಗೆ ಬೆಲೆ 480ಕ್ಕೆ ಇಳಿದಿರಬಹುದು. ಆದ್ದರಿಂದ ಈ ನಿಯಮ ಪಾಲಿಸುವವರು ದೂರದಲ್ಲಿ ಒಂದು ತುರ್ತು ಸ್ಟಾಪನ್ನು ನಿಜವಾಗಿಯೂ ಹಾಕಿಟ್ಟಿರಬೇಕು, ಷೇರುಗಳ ಸಂಖ್ಯೆಯನ್ನು ಆ ದೂರದ ಸ್ಟಾಪ್‌ಗೆ ಹೊಂದಿಸಿಯೇ ಲೆಕ್ಕ ಹಾಕಿರಬೇಕು.

ಕೊನೆಯದಾಗಿ ಆರ್ಡರ್‌ನ ಬಗೆ. ಬ್ರೋಕರ್ ಆ್ಯಪ್‌ಗಳಲ್ಲಿ SL ಮತ್ತು SL-M ಎಂಬ ಎರಡು ಆಯ್ಕೆಗಳು ಕಾಣುತ್ತವೆ. SL-M ಟ್ರಿಗರ್ ಆದರೆ ಸಿಕ್ಕ ಬೆಲೆಗೆ ಮಾರುತ್ತದೆ. ಹೊರಬರುವುದು ಬಹುಮಟ್ಟಿಗೆ ಖಚಿತ, ಬೆಲೆ ಖಚಿತವಲ್ಲ. SL ಆರ್ಡರ್‌ನಲ್ಲಿ ಟ್ರಿಗರ್ ಜೊತೆಗೆ ಮಿತಿ ಬೆಲೆಯನ್ನೂ ಕೊಡಬೇಕು. ಆ ಮಿತಿಗಿಂತ ಕಡಿಮೆಗೆ ಅದು ಮಾರುವುದಿಲ್ಲ. 2021ರ ಆಗಸ್ಟ್ 20ರಂದು ನಿಫ್ಟಿಯ ಒಂದು ಕಾಲ್ ಆಪ್ಷನ್ ನೂರು ಚಿಲ್ಲರೆ ರೂಪಾಯಿಯಿಂದ ಕ್ಷಣಮಾತ್ರ 800 ದಾಟಿ ಮರಳಿದಾಗ, ಅದನ್ನು ಮಾರಿದ್ದವರ ಎಷ್ಟೋ ಸ್ಟಾಪ್‌ಗಳು ಆ ಹುಚ್ಚು ಬೆಲೆಗಳಲ್ಲಿ ಮುಗಿದವು. ಮರುತಿಂಗಳೇ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಆಪ್ಷನ್‌ಗಳಲ್ಲಿ SL-M ನಿಲ್ಲಿಸಿತು. SL ಬಳಸುವಾಗ ಟ್ರಿಗರ್ ಮತ್ತು ಮಿತಿಯ ನಡುವೆ ಸಾಕಷ್ಟು ಅಂತರವಿರಬೇಕು. ಟ್ರಿಗರ್ 494, ಮಿತಿ 493.90 ಎಂದಿಟ್ಟು ಬೆಲೆ ನೇರವಾಗಿ 493ಕ್ಕೆ ಜಿಗಿದರೆ ಆರ್ಡರ್ ಪುಸ್ತಕದಲ್ಲಿಯೇ ಉಳಿಯುತ್ತದೆ, ಷೇರು ಕೈಯಲ್ಲಿಯೇ ಉಳಿಯುತ್ತದೆ. ಅದೇ ಟ್ರಿಗರ್‌ಗೆ 490 ಅಥವಾ 489ರ ಮಿತಿ ಕೊಟ್ಟರೆ ವೇಗದ ಇಳಿತದಲ್ಲೂ ಮಾರಾಟವಾಗುವ ಅವಕಾಶ ಹೆಚ್ಚು. ಬೆಳಗಿನ ಗ್ಯಾಪ್ ಮಿತಿಗಿಂತಲೂ ಕೆಳಗೆ ತೆರೆದುಕೊಂಡರೆ ಆರ್ಡರ್ ತನ್ನಷ್ಟಕ್ಕೆ ಮಾರಾಟವಾಗುವುದಿಲ್ಲ. ಆ ದಿನ ಅದನ್ನು ಗಮನಿಸಿ ಕೈಯಾರೆ ಬೆಲೆ ಬದಲಿಸಬೇಕಾಗುತ್ತದೆ.